ಗಡಿಯಾರ ಮರೆತ ಡಬ್ಬಿ

“ಅಷ್ಟು ಜನರ ಮುಂದೆ ನನ್ನ ಮಾನ ಹರಾಜು ಹಾಕೋಕೇ ಆ ಪ್ರಶ್ನೆ ಇಟ್ಕೊಂಡು ಬಂದಿದ್ಯಾ ಅಣ್ಣ?”

ತಂಗಿ ಮಾತ್ರೆ ಡಬ್ಬಿಯನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು.

“ಬಾಯಿಗೆ ಬಂದ ಹಾಗೆ ಮಾತಾಡಬೇಡ! ಖುಷಿಯಿಂದ ಕೇಳಿದ್ದು ಕಣೇ.”

ಸುಳ್ಳಲ್ಲ. ಹೊತ್ತಿಗೆ ಸರಿಯಾಗಿ ಕೂಗಿ ಮಾತ್ರೆ ನೆನಪಿಸುವ ಈ ಡಬ್ಬಿಗಾಗಿ ಅವಳು ನಾಲ್ಕು ವರ್ಷ ತಲೆ ಕೆಡಿಸಿಕೊಂಡಿದ್ದಳು. ಒಳಗಿನದು ಅವಳ ಕೆಲಸ. ಪ್ಲಾಸ್ಟಿಕ್ ಮೈ ಅಚ್ಚು ಹಾಕಿ, ಅಂಟಿಸಿ ಮುಚ್ಚುವುದು ಈ ಶೆಡ್ಡಿನಲ್ಲಿ ನನ್ನದು. ಮೊದಲ ಸಲ ತೋರಿಸಿದಾಗ ನಾನು “ಚೆನ್ನಾಗಿದೆ” ಎಂದಷ್ಟೇ ಹೇಳಿದ್ದೆ. “ಒಂದು ಪ್ರಶ್ನೆನಾದ್ರೂ ಕೇಳಬಾರದಾ?” ಎಂದು ಮುಖ ಊದಿಸಿಕೊಂಡಿದ್ದಳು. ಅದಕ್ಕೇ ಈ ಸಲ ಮೂರು ದಿನ ಯೋಚಿಸಿ ಒಂದು ಪ್ರಶ್ನೆ ಹುಡುಕಿದ್ದೆ.

ಇವತ್ತು ಬೆಳಗ್ಗೆ ಆಸ್ಪತ್ರೆಯಲ್ಲಿ ಡಬ್ಬಿಯ ಬಿಡುಗಡೆ. ಕೈಕುಲುಕಿ ಕೇಳಿದೆ: “ಶಹಬ್ಬಾಸ್! ಬ್ಯಾಟರಿ ತೆಗೆದು ಹೊಸದು ಹಾಕೋವಾಗ ಇದಕ್ಕೆ ಟೈಮ್ ನೆನಪಿರುತ್ತಾ?”

ಅವಳ ಮುಖ ಅರಳಿತು. “ಒಳ್ಳೆ ಪ್ರಶ್ನೆ! ಅದಕ್ಕೇ ಒಳಗೆ ಇನ್ನೊಂದು ಪುಟ್ಟ ಸೆಲ್ ಇದೆ. ಎಲ್ಲರೂ ನೋಡಿ.”

ಬ್ಯಾಟರಿ ತೆಗೆದಳು, ಹಾಕಿದಳು. ಬೆಳಗಿನ ಹನ್ನೊಂದಕ್ಕೆ ಡಬ್ಬಿ ನಡುರಾತ್ರಿ ಹನ್ನೆರಡು ತೋರಿಸಿತು. ಇನ್ನೊಂದು ಡಬ್ಬಿ ತೆಗೆದುಕೊಂಡು ನೋಡಿದಳು. ಅದೂ ಹಾಗೇ. ಆಸ್ಪತ್ರೆಯ ಔಷಧ ವಿಭಾಗದ ಮುಖ್ಯಸ್ಥೆ ಖರೀದಿ ಪತ್ರಕ್ಕೆ ಸಹಿ ಹಾಕಲು ತೆರೆದಿದ್ದ ಪೆನ್ನು ಮುಚ್ಚಿದರು. “ತಪ್ಪು ಹೊತ್ತಿಗೆ ಕೂಗಿದ್ರೆ ರೋಗಿ ಎರಡು ಸಲ ನುಂಗ್ತಾರಮ್ಮ. ಬೇಡ.”

ಈಗ ನಾವು ಆ ಡಬ್ಬಿಯನ್ನು ಒಡೆದೆವು. ಅಂಟಿಸಿದ ಮೈ, ಒಡೆಯದೆ ತೆರೆಯುವಂತಿಲ್ಲ. ಪುಟ್ಟ ಸೆಲ್ಲಿಗೂ ಅದಕ್ಕೆ ತಾಗಬೇಕಾದ ತಗಡಿಗೂ ನಡುವೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ ಹಾಗೇ ಕೂತಿತ್ತು. ಸೆಲ್ ಸುಮ್ಮನೆ ಖಾಲಿಯಾಗದಿರಲೆಂದು ಇಡುವ ಪಟ್ಟಿ. ಎಳೆದು ತೆಗೆದರೆ ಮಾತ್ರ ವಿದ್ಯುತ್ ಹರಿಯುತ್ತದೆ.

“ಇದರ ಬಾಲ ಎಲ್ಲಿ?” ತಂಗಿಯ ದನಿ ಸಣ್ಣಗಾಯಿತು. “ಮುಚ್ಚೋ ಮೊದಲು ಎಳೀಲಿ ಅಂತ ಉದ್ದ ಬಿಟ್ಟಿದ್ದೆನಲ್ಲ?”

ನಾನು ಮೇಜಿನ ಮೇಲಿದ್ದ ಕತ್ತರಿಯತ್ತ ನೋಡಿದೆ.

“ಮುಚ್ಚಳಕ್ಕೆ ಅಡ್ಡ ಬರ್ತಿತ್ತು. ಕತ್ತರಿಸಿಬಿಟ್ಟೆ.”

“ಎಷ್ಟರಲ್ಲಿ?”

“ಎಲ್ಲದರಲ್ಲೂ.”

ಆರುನೂರು ಡಬ್ಬಿ ಗೋಡೆಗೆ ಒತ್ತಿಕೊಂಡು ನಿಂತಿದ್ದವು.

“ಎಳೀಬೇಕು ಅಂತ ಹೇಳಬೇಕಿತ್ತು ನೀನು!” ಎಂದು ಗದರಿದೆ. ಗದರುವುದು ಬಿಟ್ಟರೆ ನನಗೆ ಬೇರೇನೂ ತೋಚಲಿಲ್ಲ.

“ಹೌದು, ಹೇಳಲಿಲ್ಲ. ನೀನೂ ಕೇಳಲಿಲ್ಲ,” ಎಂದಳು. ಕೂಗಿದ್ದರೆ ಎಷ್ಟೋ ವಾಸಿಯಿತ್ತು. “ಕತ್ತರಿ ಹಿಡಿದಾಗ ಕೇಳಬೇಕಿದ್ದ ಪ್ರಶ್ನೆನ ಇವತ್ತು ಕೇಳಿದೆಯಲ್ಲ ಅಣ್ಣ.”

“ಕೂತ್ಕೋ. ಒಂದೊಂದೇ ಒಡೆದು ಹೊಸ ಮೈ ಹಾಕಿಕೊಡ್ತೀನಿ.”

“ಆಸ್ಪತ್ರೆಯವರು ಇನ್ನೊಂದು ಸಲ ಕರೆಯಲ್ಲ.”

ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನಾನು ಬಾಗಿಲವರೆಗೂ ಹೋದೆ.

ಆಮೇಲೆ ಆರುನೂರನ್ನೂ ಒಡೆದು ಪಟ್ಟಿ ತೆಗೆದು ಸರಿ ಮಾಡಿಟ್ಟೆ. ಎಲ್ಲವೂ ಹೊತ್ತಿಗೆ ಸರಿಯಾಗಿ ಕೂಗುತ್ತವೆ. ಕೇಳಲು ಅವಳು ಈ ಶೆಡ್ಡಿಗೆ ಮತ್ತೆ ಬರಲಿಲ್ಲ.