ಮಗಳ ಜೊತೆ, ಮಗಳಿಂದ

ಮಂಡ್ಯದ ಆ ಖಾಸಗಿ ಆಸ್ಪತ್ರೆಗೆ ಹೊರದೇಶದಿಂದ ಬಂದಿದ್ದ ಫಿಸಿಯೋಥೆರಪಿಯವರಿಗೆ ಕನ್ನಡ ಕಲಿಸಲು ಇಬ್ಬರು ಬರುತ್ತಿದ್ದರು. ಒಬ್ಬರು ಹೈಸ್ಕೂಲಿನಿಂದ ನಿವೃತ್ತರಾದ ಯಶೋದಮ್ಮ. ಇನ್ನೊಬ್ಬಳು ಅವರದೇ ಹಳೆಯ ವಿದ್ಯಾರ್ಥಿನಿ ತೂಬಾ.

ಯಶೋದಮ್ಮ ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಎಂದು ವಿಭಕ್ತಿಗಳನ್ನು ಬಾಯಿಪಾಠ ಮಾಡಿಸಿದರೆ ಎಲ್ಲರೂ ಆಕಳಿಸುತ್ತಿದ್ದರು. ತೂಬಾ ಎರಡೆರಡೇ ವಾಕ್ಯ ಹೇಳಿಸುವಳು: ‘ಮಗುವನ್ನು ಎತ್ತಿಕೊಂಡೆ. ಮಗುವಿಗೆ ಹಾಲು ಕೊಟ್ಟೆ.’ ‘ಮನೆಗೆ ಹೋದೆ. ಮನೆಯಿಂದ ಬಂದೆ.’ ಕೋಣೆಯೆಲ್ಲ ನಗು. ತಾನು ತಿದ್ದಿ ಬೆಳೆಸಿದ ಹುಡುಗಿಯ ಸುತ್ತ ಆ ನಗು ಕಂಡಾಗಲೆಲ್ಲ ಯಶೋದಮ್ಮನ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಒಂದು ದಿನ ತಪ್ಪು ಹುಡುಕಲೆಂದೇ ಅವರು ಹಿಂದಿನ ಬೆಂಚಿನಲ್ಲಿ ಕೂತರು. ಸಿಕ್ಕೇಬಿಟ್ಟಿತು. ಇಂಗ್ಲಿಷಿನ ‘ವಿತ್’ಗೆ ಕನ್ನಡದಲ್ಲಿ ‘ಇಂದ’ ಎಂದಳು ತೂಬಾ. ‘ಚಾಕುವಿನಿಂದ ಹೆಚ್ಚಿದೆ, ಚಮಚದಿಂದ ತಿಂದೆ.’ ಸರಿಯೇ. ಆದರೆ ಇಂಗ್ಲಿಷಿನವರು ಮನುಷ್ಯರ ಜೊತೆಗೂ ಅದೇ ಮಾತು ಬಳಸುತ್ತಾರೆ. ಅದನ್ನು ತೂಬಾ ಬಿಡಿಸಿ ಹೇಳಲಿಲ್ಲ. ಯಶೋದಮ್ಮ ತುಟಿ ಬಿಚ್ಚಲಿಲ್ಲ. ಇವಳೂ ಎಡವಿ ಬೀಳಲಿ, ನೋಡೋಣ.

ಮುಂದಿನ ವಾರ ಮಂಡಿನೋವಿನ ಮುದುಕ ಕೆಂಪಸಿದ್ದಯ್ಯ ಬೆವರು ಸುರಿಸುತ್ತಾ ಒಬ್ಬನೇ ಬಂದ. ಮನೆಯಲ್ಲಿ ವ್ಯಾಯಾಮ ಮಾಡಿಸುವುದನ್ನು ಕಲಿಯಲು ಮಗಳೂ ಬರಬೇಕಿತ್ತು.

“ಮಗಳೆಲ್ಲಿ?” ಎಂದಳು ತೂಬಾ.

“ಈಯಮ್ಮ ಮಗಳಿಂದ ಬನ್ನಿ ಅಂದ್ಲಲ್ಲ? ಬೆಸಗರಹಳ್ಳಿಗೆ ಓಗಿ, ರಾತ್ರಿ ಮಗಳ ಮನೇಲಿದ್ದು, ಅಲ್ಲಿಂದ್ಲೇ ಬಸ್ಸತ್ತಿ ಬಂದಿವ್ನಿ ಕಣವ್ವ!” ಎಂದು ಆತ ತನಗೆ ವ್ಯಾಯಾಮ ಮಾಡಿಸುತ್ತಿದ್ದ, ತೂಬಾಳ ಬಳಿ ಕನ್ನಡ ಕಲಿಯುತ್ತಿದ್ದ ಕ್ಲೇರ್‌ಳತ್ತ ಕೈ ತೋರಿಸಿದ.

ಕ್ಲೇರ್ ಮುಖ ಕೆಂಪಾಯಿತು. ಆಸ್ಪತ್ರೆಯ ಮೇಲ್ವಿಚಾರಕರು ತಪ್ಪು ಕಲಿಸಿದ್ದಕ್ಕೆ ಎಲ್ಲರೆದುರೇ ತೂಬಾಳನ್ನು ತರಾಟೆಗೆ ತೆಗೆದುಕೊಂಡರು. ಬಯಸಿದ್ದು ಇದನ್ನೇ. ಆದರೂ ಕಾಲು ನೀವಿಕೊಳ್ಳುತ್ತಿದ್ದ ಮುದುಕನಿಗೆ ಯಶೋದಮ್ಮ ತಮ್ಮ ಕುರ್ಚಿ ಸರಿಸಿಕೊಟ್ಟರು.

ಆಮೇಲೆ ತೂಬಾ ಹತ್ತಿರ ಬಂದಳು. “ಮೇಡಂ, ಅವತ್ತು ಹಿಂದ್ಗಡೆ ಕೂತಿದ್ರಲ್ಲ, ನಿಮಗೆ ಗೊತ್ತಾಗ್ಲಿಲ್ವಾ?”

“ಗೊತ್ತಾಯ್ತು ಕಣಮ್ಮ. ಹೇಳ್ಲಿಲ್ಲ.”

“ಯಾಕೆ ಮೇಡಂ?”

“ನಿನ್ನನ್ನ ಕಂಡ್ರೆ ಹೊಟ್ಟೆಕಿಚ್ಚು. ಇನ್ನೇನು?”

ತೂಬಾ ಸೀಮೆಸುಣ್ಣ ಮುಂದೆ ಹಿಡಿದಳು. “ಹಂಗಾದ್ರೆ ನೀವೇ ತಿದ್ಸಿ.”

ಯಶೋದಮ್ಮ ಬೋರ್ಡಿನ ಮೇಲೆ ಬರೆದು, ಒಬ್ಬೊಬ್ಬರಿಂದಲೂ ಹೇಳಿಸಿದರು: ‘ಕೋಲಿನಿಂದ ಹೊಡೆದೆ. ಮಗಳ ಜೊತೆ ಬಂದೆ. ಮಗಳಿಂದ ಸುದ್ದಿ ಬಂತು.’

“ಹೆಂಡತಿಯಿಂದ ಊಟ ಮಾಡಿದೆ!” ಎಂದ ಒಬ್ಬ.

“ಅಯ್ಯೋ, ಹೆಂಡತಿಯೇನು ಚಮಚವೇನಪ್ಪ?” ಎಂದರು ಯಶೋದಮ್ಮ. ಕೋಣೆ ಗೊಳ್ಳೆಂದು ನಕ್ಕಿತು, ಮೊದಲ ಸಲ ಅವರ ಮಾತಿಗೆ.

ಪಾಠ ಮುಗಿದ ಮೇಲೆ ಎಲ್ಲರೂ ಪ್ರಶ್ನೆ ಕೇಳಲು ತೂಬಾಳನ್ನೇ ಮುತ್ತಿಕೊಂಡರು. ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ. ಯಶೋದಮ್ಮ ಕೈಗೆ ಮೆತ್ತಿದ್ದ ಸುಣ್ಣ ಒರೆಸಿಕೊಂಡು, ಅಪ್ಪನ ಜೊತೆ ಬಾ ಎಂದು ಕೆಂಪಸಿದ್ದಯ್ಯನ ಮಗಳಿಗೆ ಫೋನು ಮಾಡಲು ಹೊರಗೆ ಹೋದರು.