‘ಇರಿ’ ಅಂದರು

ಚಳ್ಳಕೆರೆಯ ನನ್ನ ಬೈಕ್ ರಿಪೇರಿ ಅಂಗಡಿಯ ಕರಾರು ಮುಗಿದಿತ್ತು. ಮುಂದುವರಿಸಿ ಎಂದು ಕೇಳಲು ಮೊಳಕಾಲ್ಮುರಿಗೆ, ಮಾಲೀಕ ಬೊಮ್ಮಲಿಂಗಪ್ಪನವರ ಮನೆಗೆ ಹೋದೆ.

“ಇರಿ ಸಾಬ್ರೇ,” ಎಂದು ಶುರು ಮಾಡಿ ಅವರು ಇನ್ನೇನೇನೋ ಹೇಳಿದರು. ನನಗೆ ಆ ‘ಇರಿ’ಯೇ ಸಾಕಾಯಿತು, ಅಂಗಡಿಯಲ್ಲೇ ಇರಿ ಎಂದರಲ್ಲ! ಮಿಠಾಯಿ ಕಟ್ಟಿಸಿಕೊಂಡು ಬಂದೆ.

“ಅದು ‘ತಡೀರಿ’ ಅಂತ,” ಎಂದಳು ಹೆಂಡತಿ ನಾಜಿಯಾ. “ಈಗ ನೀವೇ ಬೊಮ್ಮಲಿಂಗಪ್ಪ, ನಾನು ನೀವು. ನನ್ನಿಂದ ಅಂಗಡಿ ಬಿಡಿಸಿ ನೋಡೋಣ.”

ಅವರ ಹಾಗೆ ಹೆಗಲಿಗೆ ಟವಲ್ ಹಾಕಿ ಕೂತು ದೂರತೊಡಗಿದೆ: ನೆಲವೆಲ್ಲ ಆಯಿಲ್, ಕತ್ತಲಾದರೂ ನಿಲ್ಲದ ಸದ್ದು, ಅಂಗಡಿ ಮೇಲಿನ ಮನೆಗೆ ಬಾಡಿಗೆಯವರೇ ಬರುವುದಿಲ್ಲ. ಆವತ್ತು ಅವರು ಹೇಳಿದ್ದೂ ಇದನ್ನೇ ಎಂದು ಆಗ ನೆನಪಾಯಿತು. ನನ್ನಂಥವನಿಗೆ ನಾನೇ ಅಂಗಡಿ ಕೊಡುತ್ತಿರಲಿಲ್ಲ.

ಮತ್ತೆ ಹೋದೆ. ನೆಲಕ್ಕೆ ಕಲ್ಲು ಹಾಕಿಸುತ್ತೇನೆ, ಸಂಜೆಗೇ ಬಾಗಿಲು ಹಾಕುತ್ತೇನೆ ಎಂದು ಅವರು ಬಾಯಿ ತೆರೆಯುವ ಮುಂಚೆಯೇ ಹೇಳಿದೆ.

“ಇರಿ,” ಎಂದರು.

“ಯಾವ ಇರಿ, ಯಜಮಾನ್ರೇ?” ಎಂದೆ.