ಅವ್ವನ ಹೆಸರಿಗೆ ಟ್ರಂಕ್ ಕಾಲ್

ಮಂಗಳಗೌರಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಗಂಡ ಗಂಗಾಧರಸ್ವಾಮಿ ಎದುರಿಗೆ ಕೂತು ಎಲೆಯಡಿಕೆ ಮೆಲ್ಲುತ್ತಿದ್ದ. ಮಗಳು ಚಿನ್ನಮ್ಮಣ್ಣಿಯನ್ನು ಮಿಡ್ಲ್ ಸ್ಕೂಲಿಗೆ ಸೇರಿಸಲು ನಾಳೆಯೇ ಕೊನೆಯ ದಿನ. ಅವನು ಆಗಲೇ ಹೇಳಿಬಿಟ್ಟಿದ್ದ: “ನಿಮ್ಮಪ್ಪ ಓದ್ಸು ಅನ್ಲಿ, ಓದುಸ್ತೀನಿ. ನಿನ್ನೇ ನಾಕ್ನೇ ಕ್ಲಾಸ್ಗೆ ಬುಡುಸ್ದೋರು, ಮೊಮ್ಮಗಳ್ನ ಓದ್ಸು ಅಂದಾರಾ?”

ಅವಳು ಮೊರ ಬದಿಗಿಟ್ಟು ಎದ್ದಳು. “ಪೋಸ್ಟಾಫೀಸ್ಗೆ ಹೋಗನ ಬನ್ನಿ. ಅವರ್ನೇ ಕೇಳನ.”

ತವರೂರು ಗುಂಡ್ಲುಪೇಟೆಗೆ ಹಿಂದೆಯೂ ಎರಡು ಸಲ ಫೋನು ಮಾಡಿ ಮಾತಾಡಿದ್ದಳು. ಅಪ್ಪ ಶಂಭುಲಿಂಗಪ್ಪ “ಉಂಡ್ಯಾ? ಮಂಡಿನೋವು ವಾಸಿ. ಮಳೆ ಆಯ್ತಾ?” ಎಂದು ಕೂಗಿ, ಅಲ್ಲಿಗೆ ಕೆಲಸ ಮುಗಿಯಿತೆಂದು ಫೋನಿಟ್ಟುಬಿಡುತ್ತಿದ್ದರು. ಅವ್ವ ಅಲ್ಲಿನ ಅಂಚೆ ಕಚೇರಿಯ ಜಗಲಿಯಲ್ಲೇ ನಿಂತಿರುತ್ತಿದ್ದಳು. ಈ ಸಲ ಚಾಮರಾಜನಗರದ ಕೌಂಟರಿನಲ್ಲಿ ಮಂಗಳಗೌರಿ ಚೀಟಿಯ ಮೇಲೆ ಅವ್ವ ಮಲ್ಲಾಜಮ್ಮನ ಹೆಸರು ಬರೆದಳು. ಇದು ಪಿ.ಪಿ. ಕಾಲ್. ಆ ಊರಿನ ಅಂಚೆಯವನು ಮನೆಗೆ ಹೋಗಿ ಹೆಸರಿದ್ದವರನ್ನೇ ಕರೆತರಬೇಕು, ಅವರೇ ಮಾತಾಡಬೇಕು.

ಮೈಸೂರಿನ ಮೂಲಕ ಲೈನು ಸಿಕ್ಕುವಷ್ಟರಲ್ಲಿ ಮಧ್ಯಾಹ್ನವಾಯಿತು.

“ಅಲೋ! ಗೌರಿ? ಉಂಡ್ಯಾ?” ಅಪ್ಪನ ಗಂಟಲು.

ಆಪರೇಟರ್ ಅಡ್ಡ ಬಂದ. “ನೀವು ಮಲ್ಲಾಜಮ್ಮನವರಾ?”

“ಅವಳ ಯಜಮಾನ ಕಣಯ್ಯ ನಾನು!”

“ಕಾಲ್ ಇರೋದು ಅವರ ಹೆಸರಿಗೆ. ಅವರನ್ನ ಕೊಡಿ.”

“ಒಳ್ಳೆ ಕತೆ ಆಯ್ತಲ್ಲ ಇದು!”

ಏನೋ ತಡಕಾಡಿದ ಸದ್ದು. “ಇದ್ರ ಯಾವ್ ಕಡೆ ಕಿವಿಗಿಕ್ಕದು?” ಆಮೇಲೆ ಅವ್ವನ ಸಣ್ಣ ದನಿ: “ಉಂಡ್ಯಾ ಕೂಸು?”

“ಉಂಡಿ ಕಣವ್ವ, ಅದೆಲ್ಲ ಬುಡು. ನನ್ನ ಸ್ಕೂಲ್ ಬುಡುಸ್ದಾಗ ನಿನ್ ಮನ್ಸಲ್ಲಿ ಏನಿತ್ತು?”

ಇಷ್ಟು ವರ್ಷ ಕೇಳದಿದ್ದ ಮಾತು. ತಂತಿ ಗುಂಯ್ಗುಟ್ಟಿತು. ದುಡ್ಡು ಕಟ್ಟಿದ್ದ ಮೂರು ನಿಮಿಷದಲ್ಲಿ ಎಷ್ಟು ಹೋಯಿತೋ ತಿಳಿಯದೆ ಅವಳು ರಿಸೀವರನ್ನು ಬಿಗಿಹಿಡಿದಳು.

“ಮೂರ್ ದಿನ ನಿಮ್ಮಪ್ಪನ ಜೊತೆ ಮಾತಾಡ್ನಿಲ್ಲ ಕಣಮ್ಮಿ,” ಎಂದಳು ಅವ್ವ. “ಅವರಿಗೆ ಗೊತ್ತೇ ಆಗ್ನಿಲ್ಲ.”

“ಯೇಳ್ಬಾರ್ದಾಗಿತ್ತಾ?”

“ಯಾರ್ ಕೇಳುದ್ರು? ಈಗ ಗೊತ್ತಾಯ್ತು ಬುಡು. ಪಕ್ಕದಲ್ಲೇ ನಿಂತವ್ರೆ, ಬಾಯಿ ತಕ್ಕಂಡು.”

ಮಂಗಳಗೌರಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಆಪರೇಟರ್ “ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?” ಎಂದ. ಹೂಂ ಎಂದಳು.

“ಅವ್ವ, ಚಿನ್ನಮ್ಮಣ್ಣಿನೂ ಬುಡ್ಸಬೇಕು ಅಂತಾವ್ರೆ ನಿನ್ನಳಿಯ. ಅಪ್ಪ ಬುಡುಸ್ಬ್ಯಾಡ ಅಂದ್ರೆ ಅವಳ ಓದು ಉಳ್ಕತದೆ. ಅಪ್ಪಂಗೆ ಕೊಡು.”

ಫೋನು ಕೈ ಬದಲಾಯಿಸಿತು. ಈ ಸಲ ಅಪ್ಪ ಕೂಗಲಿಲ್ಲ. ಉಂಡ್ಯಾ ಎಂದೂ ಕೇಳಲಿಲ್ಲ. ಏದುಸಿರು ಮಾತ್ರ ಕೇಳುತ್ತಿತ್ತು. ಮಂಗಳಗೌರಿ ರಿಸೀವರನ್ನು ಗಂಡನ ಕಿವಿಗೂ ತನ್ನ ಕಿವಿಗೂ ನಡುವೆ ಹಿಡಿದಳು. ಅವನು ಬಾಗಿ ಕಿವಿಗೊಟ್ಟು ನಿಂತ.

“ಅಪ್ಪ, ಅವಳ್ನ ಓದ್ಸಿ ಅಂತ ನಿಮ್ಮಳಿಯಂಗೆ ಒಂದ್ ಮಾತು ಯೇಳಿ.”

ಏದುಸಿರು ಹಾಗೇ ಇತ್ತು.

“ಒಂದೇ ಒಂದ್ ಮಾತು ಯೇಳಪ್ಪ.”